ಹೊಲಿದ ಅಂಗಿ, ಹೊಲಿಸಿದ ಅಂಗಿ: ಫ್ರೆಂಚ್ ಭೂತಕೃದಂತದ ಅನ್ವಯ

'ನಾನು ಪತ್ರ ಬರೆದೆ' ಎಂಬುದನ್ನು ಫ್ರೆಂಚ್‌ನಲ್ಲಿ 'ಝೇ ಎಕ್ರಿ ಲಾ ಲೆತ್ರ್' ಎನ್ನುತ್ತಾರೆ. 'ನಾನು ಬರೆದ ಪತ್ರ' ಎನ್ನುವಾಗ ಅದು 'ಲಾ ಲೆತ್ರ್ ಕ ಝೇ ಎಕ್ರಿತ್' ಆಗುತ್ತದೆ. ಕೃದಂತ ಎರಡು ಕಡೆಯೂ ಒಂದೇ, ಆದರೆ ಎರಡನೆಯದರ ಕೊನೆಗೆ ತಕಾರ ಕೇಳಿಸುತ್ತದೆ. ಪತ್ರ ಸ್ತ್ರೀಲಿಂಗ. ಅದು ಕ್ರಿಯೆಗಿಂತ ಮುಂಚೆ ಬಂದಿರುವುದರಿಂದ ಕೃದಂತ ಅದರ ಲಿಂಗವಚನಗಳನ್ನು ತಾಳುತ್ತದೆ. ಕರ್ಮ ಕ್ರಿಯೆಯ ಹಿಂದೆ ಬಂದರೆ ತಾಳುವುದಿಲ್ಲ. 'ಅವ್ವಾರ್' (ಇರು, ಹೊಂದಿರು) ಎಂಬ ಸಹಾಯಕ ಕ್ರಿಯಾಪದದೊಡನೆ ರಚನೆಯಾಗುವ ಸಂಯುಕ್ತ ಕಾಲಗಳಿಗೆಲ್ಲ ಇದೇ ನಿಯಮ.

ಕನ್ನಡದಲ್ಲಿ ಕ್ರಿಯಾಪದ ಕರ್ತೃವನ್ನು ಅನುಸರಿಸುತ್ತದೆಯೇ ಹೊರತು ಕರ್ಮವನ್ನಲ್ಲ. ಹಾಗಾಗಿ ನಮಗೆ ಇದು ವಿಚಿತ್ರವಾಗಿ ತೋರುತ್ತದೆ. ಆದರೆ ಹಿಂದಿ ಕಲಿತವರು ಇದರ ಸೋದರನನ್ನು ಕಂಡಿದ್ದಾರೆ: 'ಉಸ್ ನೇ ಚಿಟ್ಠೀ ಲಿಖೀ'. ಬರೆದವನು ಗಂಡಸಾದರೂ ಕ್ರಿಯಾಪದ ಚಿಟ್ಠಿಯ ಲಿಂಗವನ್ನೇ ಹಿಡಿಯುತ್ತದೆ. ಅದರ ಬೇರು 'ತೇನ ಪತ್ರಿಕಾ ಲಿಖಿತಾ' ಎಂಬಂಥ ಸಂಸ್ಕೃತ ರಚನೆಯಲ್ಲಿದೆ. 'ಲಿಖಿತಾ' ಅಲ್ಲಿ ಪತ್ರಿಕೆಯ ವಿಶೇಷಣ. ಫ್ರೆಂಚ್‌ನದೂ ಇಂಥದೇ ಕಥೆ. ಲ್ಯಾಟಿನ್‌ನಲ್ಲಿ 'ಬರೆಯಲ್ಪಟ್ಟ ಪತ್ರವನ್ನು ಹೊಂದಿದ್ದೇನೆ' ಎಂಬ ಅರ್ಥದ ವಾಕ್ಯವಿತ್ತು. ಕಾಲಕ್ರಮದಲ್ಲಿ 'ಹೊಂದಿದ್ದೇನೆ' ಎಂಬುದು ಬರಿಯ ಸಹಾಯಕವಾಯಿತು, ವಿಶೇಷಣವಾಗಿದ್ದ ಕೃದಂತ ಕ್ರಿಯೆಯ ಭಾಗವಾಯಿತು. ಹಳೆಯ ಫ್ರೆಂಚ್‌ನಲ್ಲಿ ಕರ್ಮ ಹಿಂದೆ ಬಂದಾಗಲೂ ಅನ್ವಯ ಮಾಡುವುದುಂಟು, ಬಿಡುವುದೂ ಉಂಟು.

ಈ ಅಸ್ಥಿರ ರೂಢಿಗೆ ಒಂದು ಕಟ್ಟು ಕೊಟ್ಟವನೆಂದು ಕವಿ ಕ್ಲೆಮಾಂ ಮಾರೋನನ್ನು ಹೆಸರಿಸುತ್ತಾರೆ. 1538ರ ಒಂದು ಚಿಕ್ಕ ಪದ್ಯದಲ್ಲಿ ಅವನು, ಮೊದಲು ಬಂದ ಪದ ಆಮೇಲಿನದನ್ನು ಆಳಬೇಕೆಂದು ಇಟಾಲಿಯನ್ ಭಾಷೆಯನ್ನು ಮಾದರಿಯಾಗಿಟ್ಟು ಶಿಷ್ಯರಿಗೆ ಬೋಧಿಸಿದ. 1647ರಲ್ಲಿ ವ್ಯಾಕರಣಕಾರ ವೊಜಲಾ ತನ್ನ ಟಿಪ್ಪಣಿಗಳಲ್ಲಿ ಅದನ್ನು ಚರ್ಚೆಗೆತ್ತಿಕೊಂಡ. ಶಾಲಾ ವ್ಯಾಕರಣಗಳು ಇಂದಿಗೂ 'ಕರ್ಮ ಮುಂದಿದೆಯೇ, ಹಿಂದಿದೆಯೇ?' ಎಂದೇ ಕೇಳುತ್ತವೆ. ನನ್ನ ಮಟ್ಟಿಗೆ ಈ ಪ್ರಶ್ನೆ ಅರೆಬರೆ. ಆ ಕರ್ಮ ಯಾವ ಕ್ರಿಯೆಗೆ ಸೇರಿದ್ದು ಎಂಬುದು ಇದಕ್ಕಿಂತ ಮೊದಲಿನ ಪ್ರಶ್ನೆ. ಕೃದಂತದ ಬೆನ್ನಿಗೆ ಇನ್ನೊಂದು ಕ್ರಿಯೆ ಬಂದಾಗ ಅದು ಬಯಲಾಗುತ್ತದೆ.

ಒಂದು ಅಂಗಿಯನ್ನು ತೆಗೆದುಕೊಳ್ಳೋಣ. 'ರೋಬ್' ಎಂಬ ಹೆಂಗಸರ ನಿಲುವಂಗಿ ಸ್ತ್ರೀಲಿಂಗ. ನಾನೇ ಹೊಲಿದಿದ್ದರೆ 'ಲಾ ರೋಬ್ ಕ ಝೇ ಫೆತ್'. ದರ್ಜಿಯಿಂದ ಹೊಲಿಸಿದ್ದರೆ 'ಲಾ ರೋಬ್ ಕ ಝೇ ಫೆ ಫೆರ್'. ಅಂಗಿ ಎರಡರಲ್ಲೂ ಮುಂದೆಯೇ ಇದೆ, ಆದರೂ ಎರಡನೆಯದರಲ್ಲಿ ತಕಾರ ಬಿದ್ದುಹೋಗಿದೆ. ಕಾರಣ ನಮ್ಮ ಭಾಷೆಯಲ್ಲೇ ಇದೆ. ಫ್ರೆಂಚ್‌ನ 'ಫೆ ಫೆರ್' ನಮ್ಮ 'ಮಾಡಿಸಿದ'. ನಾವು '-ಇಸು' ಹಚ್ಚಿ ಒಂದೇ ಪದದಲ್ಲಿ ಹೇಳುವುದನ್ನು ಅವರು ಎರಡು ಪದ ಜೋಡಿಸಿ ಹೇಳುತ್ತಾರೆ, ಆದರೆ ಜೋಡಿ ಒಂದೇ ಕ್ರಿಯೆಯಂತೆ ವರ್ತಿಸುತ್ತದೆ. ಅಂಗಿ ಇಡೀ ಜೋಡಿಯ ಕರ್ಮ, ಅದರ ಮೊದಲರ್ಧದ್ದಲ್ಲ. ಆದ್ದರಿಂದ ಮೊದಲರ್ಧಕ್ಕೆ ಸ್ತ್ರೀಲಿಂಗ ಅಂಟುವುದಿಲ್ಲ. 'ಫೆತ್ ಫೆರ್' ಎಂಬ ತಪ್ಪು ಸುಶಿಕ್ಷಿತರ ಬಾಯಲ್ಲೂ ಕೇಳಿಬರುತ್ತದೆ. 'ಮುಂದಿದ್ದರೆ ಅನ್ವಯ' ಎಂಬುದನ್ನಷ್ಟೇ ಕಲಿತವರು ಅತಿ ಎಚ್ಚರದಲ್ಲಿ ಮಾಡುವ ತಪ್ಪು ಅದು.

ನೋಡು, ಕೇಳು ಎಂಬ ಕ್ರಿಯೆಗಳು ಹೀಗೆ ಬೆಸೆದುಕೊಳ್ಳುವುದಿಲ್ಲ. 'ನಾನು ಗಾಯಕಿ ಹಾಡುವುದನ್ನು ಕೇಳಿದೆ' ಎಂಬುದರಿಂದ ಬಂದ 'ಹಾಡುವುದನ್ನು ನಾನು ಕೇಳಿದ ಗಾಯಕಿ' ಎಂಬಲ್ಲಿ ಕೇಳಿದ್ದು ಗಾಯಕಿಯನ್ನು, ಹಾಡಿದವಳೂ ಅವಳೇ, ಕೃದಂತ ಸ್ತ್ರೀಲಿಂಗ. 'ಹಾಡುವುದನ್ನು ನಾನು ಕೇಳಿದ ಹಾಡು' ಎಂಬಲ್ಲಿ ಹಾಡು ಹಾಡುವ ಕ್ರಿಯೆಯ ಕರ್ಮ; ಕೃದಂತ ಬದಲಾಗದು. ಮುಂದೆ ಬಂದ ನಾಮಪದ ಎರಡನೆಯ ಕ್ರಿಯೆಯ ಕರ್ತೃವೇ ಎಂದು ಕೇಳಿ ನೋಡುವುದೇ ಪರೀಕ್ಷೆ. ಹೌದಾದರೆ ಅನ್ವಯ, ಅಲ್ಲವಾದರೆ ಇಲ್ಲ. ಇಲ್ಲಿ ಕಿವಿಯ ನೆರವು ಸಿಗುವುದಿಲ್ಲ: ಈ ಕೃದಂತದ ಎರಡು ರೂಪಗಳೂ ಉಚ್ಚಾರದಲ್ಲಿ ಒಂದೇ, ವ್ಯತ್ಯಾಸ ಬರವಣಿಗೆಯಲ್ಲಿ ಮಾತ್ರ. ಫ್ರೆಂಚ್ ಕೃದಂತಗಳಲ್ಲಿ ಹೆಚ್ಚಿನವು ಹೀಗೆ ಮೌನವಾಗಿ ಲಿಂಗ ಬದಲಿಸುವಂಥವು. ಅಭ್ಯಾಸದ ಆಸರೆ ಕಿವಿಗೆ ಸಿಗದಿರುವುದರಿಂದಲೇ ಮಾತಿನಲ್ಲಿ 'ಎಕ್ರಿತ್' ಕೂಡ ಆಗಾಗ 'ಎಕ್ರಿ' ಆಗಿಬಿಡುತ್ತದೆ.

ಅಧಿಕೃತ ಸಡಿಲಿಕೆಗಳೂ ಈ ಭೇದವನ್ನು ಗುರುತಿಸಿವೆ. ಫ್ರೆಂಚ್ ಶಿಕ್ಷಣ ಸಚಿವಾಲಯದ 1976ರ ಆದೇಶ, ಕೃದಂತದ ಬೆನ್ನಿಗೆ ಇನ್ನೊಂದು ಕ್ರಿಯೆ ಬಂದಾಗ ಗಾಯಕಿಯ ವಾಕ್ಯದಂಥದರಲ್ಲಿ ಅನ್ವಯ ಬಿಟ್ಟರೂ, ಹಾಡಿನ ವಾಕ್ಯದಂಥದರಲ್ಲಿ ಸೇರಿಸಿದರೂ ಪರೀಕ್ಷೆಗಳಲ್ಲಿ ತಪ್ಪೆಣಿಸಬಾರದೆಂದಿತು. 'ಫೆರ್'ನ ಕೃದಂತಕ್ಕೆ ಮಾತ್ರ ಸೇರಿಸುವ ವಿನಾಯಿತಿ ಕೊಡಲಿಲ್ಲ. 1990ರ ಕಾಗುಣಿತ ಪರಿಷ್ಕರಣೆ ಇನ್ನೊಂದು ಹೆಜ್ಜೆ ಮುಂದಿಟ್ಟು, 'ಬಿಡು' ಎಂಬರ್ಥದ 'ಲೆಸೇ'ಯ ಬೆನ್ನಿಗೆ ಕ್ರಿಯೆ ಬಂದರೆ ಅದನ್ನೂ 'ಫೆ'ಯಂತೆ ಅವಿಕಾರಿಯಾಗಿಸಲು ಸೂಚಿಸಿತು. 'ಹೋಗಗೊಡು', 'ಬೀಳಗೊಡು' ಎನ್ನುವಾಗ ನಾವೂ ಎರಡು ಕ್ರಿಯೆಗಳನ್ನು ಒಂದಾಗಿ ಹೊಸೆಯುತ್ತೇವೆ. ನೋಡು, ಕೇಳುಗಳನ್ನು ಆ ಪರಿಷ್ಕರಣೆ ಮುಟ್ಟಲಿಲ್ಲ.