ಬೋಳು ಪುಟ: ಸ್ಟೈಲ್‌ಶೀಟ್ ತಡೆಗೊಂಡ ಜಾಲಪುಟದ ಚರಿತ್ರೆ

ಜಾಲಪುಟವೊಂದು ಬಣ್ಣ, ಅಂಕಣ, ಮೆನು ಯಾವುದೂ ಇಲ್ಲದೆ ಬಿಳಿ ಹಿನ್ನೆಲೆಯ ಮೇಲೆ ಕಪ್ಪು ಅಕ್ಷರ, ನೀಲಿ ಕೊಂಡಿ, ಚುಕ್ಕೆಪಟ್ಟಿಗಳಾಗಿ ಮೇಲಿನಿಂದ ಕೆಳಕ್ಕೆ ಸುರಿದುಬರುವ ಸ್ಥಿತಿ. ಪುಟದ ಎಚ್‌ಟಿಎಂಎಲ್ ಕಡತ ಬಂದು ತಲುಪಿರುತ್ತದೆ. ಅದಕ್ಕೆ ರೂಪ ಕೊಡುವ ಸಿಎಸ್‌ಎಸ್ ಕಡತ ಮಾತ್ರ ಬಂದಿರುವುದಿಲ್ಲ, ಇಲ್ಲವೆ ಬಂದರೂ ಬ್ರೌಸರ್ ಅದನ್ನು ಒಪ್ಪಿರುವುದಿಲ್ಲ. ನೋಡುವವರು ಸಾಮಾನ್ಯವಾಗಿ ‘ನೆಟ್ ಸ್ಲೋ’ ಎಂದು ಬೈಯುತ್ತಾರೆ; ನಿಜವಾದ ಕಾರಣ ಬಹಳ ಸಲ ಬೇರೆಯೇ ಇರುತ್ತದೆ.

ಈ ದೋಷಕ್ಕೆ ದಾರಿಯಾದದ್ದು 1996ರ ಡಿಸೆಂಬರ್ 17ರಂದು ಡಬ್ಲ್ಯು3ಸಿ ಸಂಸ್ಥೆ ಸಿಎಸ್‌ಎಸ್‌ನ ಮೊದಲ ಆವೃತ್ತಿಯನ್ನು ಶಿಫಾರಸು ಮಾಡಿದ ಮೇಲೆ. ಅದಕ್ಕೆ ಮೊದಲು ಅಕ್ಷರದ ಬಣ್ಣ, ಗಾತ್ರಗಳು ಪುಟದ ಒಳಗೇ ಇರುತ್ತಿದ್ದವು. ಪುಟ ಬಂದರೆ ಅವೂ ಬರುತ್ತಿದ್ದವು. ರೂಪವನ್ನು ಬೇರೆ ಕಡತಕ್ಕೆ, ಆಮೇಲೆ ಬೇರೆ ಸರ್ವರ್‌ಗೇ ಸಾಗಿಸಿದಾಗ ಎರಡಕ್ಕೂ ಬೇರೆ ಬೇರೆ ವಿನಂತಿ ಹೋಗಬೇಕಾಯಿತು. ಒಂದು ಗೆದ್ದು ಇನ್ನೊಂದು ಸೋಲುವುದು ಆಗ ಸಾಧ್ಯವಾಯಿತು.

ಕನ್ನಡದಲ್ಲಿ ಇದರ ಹಳೆಯ ರೂಪ ಇನ್ನೂ ಕೆಟ್ಟದಾಗಿತ್ತು. ಯೂನಿಕೋಡ್ ಬೇರೂರುವ ಮೊದಲು ಅನೇಕ ಕನ್ನಡ ತಾಣಗಳು ಲ್ಯಾಟಿನ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ ಫಾಂಟ್‌ಗಳನ್ನು ನೆಚ್ಚಿಕೊಂಡಿದ್ದವು. ಆ ಫಾಂಟ್ ಕಡತ ಬಾರದಿದ್ದರೆ ಕಳೆದುಹೋಗುತ್ತಿದ್ದುದು ಅಂದವಷ್ಟೇ ಅಲ್ಲ, ಓದುವ ಸಾಧ್ಯತೆಯೇ. ‘ನುಡಿ’ ತಂತ್ರಾಂಶದ ಸಂಕೇತಕ್ರಮದಲ್ಲಿ ಬರೆದ ‘ಕನ್ನಡ’ ಎಂಬ ಪದ ಪರದೆಯ ಮೇಲೆ `PÀ£ÀßqÀ` ಎಂದು ಕಾಣುತ್ತಿತ್ತು. ಯೂನಿಕೋಡ್ ಪುಟ ಹಾಗಲ್ಲ. ಬ್ರೌಸರ್ ತಾಣದ ಫಾಂಟನ್ನು ತಡೆದರೂ ಸಾಧನದಲ್ಲೇ ಇರುವ ಕನ್ನಡ ಫಾಂಟ್ ಕೈಹಿಡಿಯುತ್ತದೆ. ಇಂದಿನ ಬೋಳು ಪುಟ ಕುರೂಪಿಯಾದರೂ ಓದಲು ಸಿಗುತ್ತದೆ ಎಂಬುದು ಸಣ್ಣ ಮಾತಲ್ಲ.

ಬ್ರೌಸರ್ ತಾನೇ ಸ್ಟೈಲ್‌ಶೀಟನ್ನು ತಡೆಯತೊಡಗಿದ್ದು ‘ಮಿಕ್ಸೆಡ್ ಕಂಟೆಂಟ್’ ನಿಯಮದಿಂದ. ಸುರಕ್ಷಿತ `https://` ಪುಟವೊಂದು ತನ್ನ ಕೆಲವು ಕಡತಗಳನ್ನು ಗೂಢಲಿಪಿಯಿಲ್ಲದ `http://` ಮೂಲಕ ತರಿಸಿಕೊಂಡರೆ ಅದು ಮಿಕ್ಸೆಡ್ ಕಂಟೆಂಟ್. ಹಳೆಯ ಇಂಟರ್ನೆಟ್ ಎಕ್ಸ್‌ಪ್ಲೋರರ್ ಇಂಥ ಪುಟ ಕಂಡಾಗ ಅಸುರಕ್ಷಿತ ಭಾಗಗಳನ್ನೂ ತೋರಿಸಲೇ ಎಂದು ಕೇಳುತ್ತಿತ್ತು. ಬಹುತೇಕರು ಪ್ರಶ್ನೆಯನ್ನು ಓದದೆ ‘ಯೆಸ್’ ಒತ್ತುತ್ತಿದ್ದರು. 2013ರ ಆಗಸ್ಟ್‌ನಲ್ಲಿ ಬಂದ ಫೈರ್‌ಫಾಕ್ಸ್ 23 ಈ ಕೇಳುವ ಗೋಜಿಗೆ ಹೋಗಲಿಲ್ಲ. ಸ್ಕ್ರಿಪ್ಟ್, ಸ್ಟೈಲ್‌ಶೀಟ್, ಫಾಂಟ್‌ಗಳನ್ನು ತಾನಾಗಿಯೇ ತಡೆದು, ಚಿತ್ರ, ಧ್ವನಿ, ವಿಡಿಯೊಗಳನ್ನು ಬಿಟ್ಟಿತು. ಚಿತ್ರವನ್ನು ದಾರಿಯಲ್ಲಿ ಯಾರಾದರೂ ಬದಲಿಸಿದರೆ ಆ ಚಿತ್ರವಷ್ಟೇ ಕೆಡುತ್ತದೆ. ಸ್ಟೈಲ್‌ಶೀಟನ್ನು ಬದಲಿಸಿದರೆ ಬ್ಯಾಂಕ್ ಪುಟದ ಎಚ್ಚರಿಕೆಯ ಸಾಲನ್ನೇ ಮರೆಮಾಡಬಹುದು, ಒಂದು ಗುಂಡಿಯ ಮೇಲೆ ಇನ್ನೊಂದನ್ನು ಹೊದಿಸಬಹುದು.

ದಾರಿಯಲ್ಲಿ ಬದಲಿಸುವವರು ಯಾರಿದ್ದಾರೆ ಎಂಬ ಪ್ರಶ್ನೆಗೆ ಬೆಂಗಳೂರಿನಲ್ಲೇ ಉತ್ತರ ಸಿಕ್ಕಿತು. 2015ರ ಜೂನ್‌ನಲ್ಲಿ ತಂತ್ರಜ್ಞ ತೇಜೇಶ್ ಜಿ.ಎನ್. ಏರ್‌ಟೆಲ್ 3ಜಿಯಲ್ಲಿ ತಮ್ಮದೇ ತಾಣವನ್ನು ತೆರೆದಾಗ, ತಾವು ಬರೆಯದ ಒಂದು ಸ್ಕ್ರಿಪ್ಟ್ ಅದರ ಮೂಲಸಂಕೇತದಲ್ಲಿ ಕಂಡಿತು. ಅದರ ಪುರಾವೆಯನ್ನು ಅವರು ಗಿಟ್‌ಹಬ್‌ನಲ್ಲಿ ಪ್ರಕಟಿಸಿದರು. ಆ ಸ್ಕ್ರಿಪ್ಟಿನ ಹಿಂದಿದ್ದ ಇಸ್ರೇಲಿನ ಫ್ಲ್ಯಾಶ್ ನೆಟ್‌ವರ್ಕ್ಸ್ ಕಂಪನಿಯ ಪರವಾಗಿ ಅವರಿಗೆ ಕಾನೂನು ನೋಟಿಸ್ ಬಂತು. ಕೃತಿಸ್ವಾಮ್ಯದ ದೂರಿನ ಮೇಲೆ ಗಿಟ್‌ಹಬ್ ಆ ಪುಟವನ್ನು ತೆಗೆಯಿತು. ಬಳಕೆದಾರರು ಎಷ್ಟು ಡೇಟಾ ಖರ್ಚು ಮಾಡಿದರೆಂದು ತಿಳಿಸುವ ವ್ಯವಸ್ಥೆ ಅದೆಂದು ಏರ್‌ಟೆಲ್ ವಿವರಿಸಿತು, ನೋಟಿಸಿಗೂ ತನಗೂ ಸಂಬಂಧವಿಲ್ಲವೆಂದಿತು. ಉದ್ದೇಶ ಏನೇ ಇರಲಿ, ಪುಟ `http://` ಆಗಿದ್ದರಿಂದಲೇ ಸ್ಕ್ರಿಪ್ಟ್ ಒಳಹೊಕ್ಕಿತ್ತು.

ಅದೇ ತಿಂಗಳ 12ರಂದು ವಿಕಿಮೀಡಿಯ ಪ್ರತಿಷ್ಠಾನ ತನ್ನ ಎಲ್ಲ ತಾಣಗಳನ್ನೂ ಎಚ್‌ಟಿಟಿಪಿಎಸ್‌ಗೆ ಸಾಗಿಸುವುದಾಗಿ ಪ್ರಕಟಿಸಿತು. 2003ರಲ್ಲಿ ಆರಂಭವಾಗಿದ್ದ ಕನ್ನಡ ವಿಕಿಪೀಡಿಯವೂ ಅದರಲ್ಲಿ ಸೇರಿತ್ತು. ಅದಕ್ಕೆ ಮೊದಲು ವಿಕಿಪೀಡಿಯದ ಸ್ಟೈಲ್‌ಶೀಟ್‌ಗಳು ಬಹುಕಾಲ `bits.wikimedia.org` ಎಂಬ ಬೇರೆ ವಿಳಾಸದಿಂದ ಬರುತ್ತಿದ್ದವು. ಕಚೇರಿಯ ಫೈರ್‌ವಾಲ್ `wikipedia.org`ಗೆ ಒಪ್ಪಿಗೆ ಕೊಟ್ಟು ಆ ವಿಳಾಸವನ್ನು ಮರೆತಿದ್ದರೆ ಲೇಖನ ಬೋಳಾಗಿ ಇಳಿಯುತ್ತಿತ್ತು. ಮುಂದೆ ಅವು ವಿಕಿಯ ಸ್ವಂತ ವಿಳಾಸಕ್ಕೇ ಬಂದವು. ಇದು ಒಳ್ಳೆಯ ಪರಿಹಾರ. ಪುಟ ಬರುವ ದಾರಿಯಲ್ಲೇ ರೂಪವೂ ಬಂದರೆ ಒಂದನ್ನು ಬಿಟ್ಟು ಇನ್ನೊಂದನ್ನು ತಡೆಯುವುದು ಕಷ್ಟ.

ಸಣ್ಣ ತಾಣಗಳ ಸರದಿ ಆಮೇಲೆ ಬಂತು. 2015ರ ಡಿಸೆಂಬರ್‌ನಿಂದ ಲೆಟ್ಸ್ ಎನ್‌ಕ್ರಿಪ್ಟ್ ಪ್ರಮಾಣಪತ್ರಗಳು ಪುಕ್ಕಟೆಯಾಗಿ ಎಲ್ಲರಿಗೂ ಸಿಗತೊಡಗಿದವು. 2018ರ ಜುಲೈನಲ್ಲಿ ಕ್ರೋಮ್ 68 ಎಲ್ಲ `http://` ಪುಟಗಳಿಗೂ ‘ಸುರಕ್ಷಿತವಲ್ಲ’ ಎಂಬ ಚೀಟಿ ಅಂಟಿಸಿತು. ಪ್ರಮಾಣಪತ್ರ ಹಾಕಿಸಿಕೊಂಡರೂ ಪುಟದೊಳಗಿನ ಹಳೆಯ ವಿಳಾಸಗಳನ್ನು ತಿದ್ದದೆ ಬಿಟ್ಟರೆ ಬೋಳು ಪುಟ ಖಚಿತ. ಸೇಡಂನ ಒಂದು ಶಾಲೆ ತನ್ನ ತಾಣವನ್ನು ಹೀಗೆ ಎಚ್‌ಟಿಟಿಪಿಎಸ್‌ಗೆ ಬದಲಿಸಿದೆ ಎಂದು ಊಹಿಸಿಕೊಳ್ಳೋಣ. ಪುಟದ ತಲೆಯಲ್ಲಿ ಈ ಸಾಲು ಉಳಿದಿದೆ:

```html
<link rel="stylesheet" href="http://example.org/shale.css">
```

ಇದನ್ನು ಚಿತ್ತಾಪುರದಲ್ಲಿ ಮೊಬೈಲಿನಿಂದ ತೆರೆಯಲಿ, ಶಹಾಬಾದಿನ ಬ್ರಾಡ್‌ಬ್ಯಾಂಡಿನಲ್ಲಿ ತೆರೆಯಲಿ, ಬೋಳಾಗಿಯೇ ಬರುತ್ತದೆ. ತಡೆಯುತ್ತಿರುವುದು ಓದುಗರ ಸ್ವಂತ ಬ್ರೌಸರ್ ಆದ್ದರಿಂದ ಊರು, ಕಂಪನಿ ಬದಲಾದರೆ ಪ್ರಯೋಜನವಿಲ್ಲ. ಪುಟ ಚಿಂಚೋಳಿಯಲ್ಲಿ ಸರಿಯಾಗಿದ್ದು ಶಹಾಬಾದಿನಲ್ಲಿ ಮಾತ್ರ ಬೋಳಾಗಿದ್ದರೆ ಅನುಮಾನ ಆ ಜಾಲದ ಮೇಲೆ ಹೋಗಬೇಕು: ಅಲ್ಲಿ ಸ್ಟೈಲ್‌ಶೀಟ್ ಇರುವ ವಿಳಾಸವನ್ನು ಯಾರೋ ತಡೆದಿದ್ದಾರೆ. ಜಾಲದ ತಡೆಯಲ್ಲೂ ಎರಡು ಬಗೆಯುಂಟು. ವಿನಂತಿಯನ್ನು ಕೂಡಲೇ ನಿರಾಕರಿಸಿದರೆ ಬೋಳು ಪುಟ ಥಟ್ಟನೆ ತೆರೆದುಕೊಳ್ಳುತ್ತದೆ. ಉತ್ತರವನ್ನೇ ಕೊಡದೆ ನುಂಗಿಬಿಟ್ಟರೆ ಬ್ರೌಸರ್ ಸ್ಟೈಲ್‌ಶೀಟಿಗಾಗಿ ಕಾಯುತ್ತ ಪರದೆಯನ್ನು ಖಾಲಿ ಬಿಟ್ಟಿರುತ್ತದೆ. ಕಾಯುವ ಅವಧಿ ಮುಗಿದ ಮೇಲಷ್ಟೇ ಅಕ್ಷರ ಕಾಣುತ್ತದೆ. ‘ನೆಟ್ ಸ್ಲೋ’ ಎಂಬ ಬೈಗುಳ ಹುಟ್ಟುವ ಜಾಗ ಇದೇ.

ಮೂರನೆಯ ಸಾಧ್ಯತೆ ಲಾಗಿನ್ ಕೇಳುವ ಸಾರ್ವಜನಿಕ ವೈಫೈ. ವಾಡಿಯಂಥ ಜಂಕ್ಷನ್‌ನಲ್ಲಿ ರೈಲಿಗೆ ಕಾಯುವವರ ಫೋನಿನಲ್ಲಿ `http://` ಪುಟವೊಂದು ಹಳೆಯ ನೆನಪಿನಿಂದ ತೆರೆದುಕೊಂಡಿತು ಎನ್ನೋಣ. ಅದು `http://` ಮೂಲಕ ಸಿಎಸ್‌ಎಸ್ ಕೇಳಿದಾಗ ವೈಫೈ ವ್ಯವಸ್ಥೆ ಅಡ್ಡ ಬಂದು ತನ್ನ ಒಟಿಪಿ ಪುಟವನ್ನು ಉತ್ತರವಾಗಿ ಕೊಡಬಹುದು. ಸ್ಟೈಲ್‌ಶೀಟ್ ಕೇಳಿದ್ದಕ್ಕೆ ಎಚ್‌ಟಿಎಂಎಲ್ ಬಂದಿರುವುದರಿಂದ ಬ್ರೌಸರ್ ಅದನ್ನು ತಿರಸ್ಕರಿಸುತ್ತದೆ. ಒಟಿಪಿ ಕೊಟ್ಟು ಒಳಹೊಕ್ಕು ಪುಟವನ್ನು ಮತ್ತೆ ತೆರೆದರೆ ಸರಿಹೋಗುತ್ತದೆ.

ಕಂಪ್ಯೂಟರಿನ ಕ್ರೋಮ್‌ನಲ್ಲಿ ಎಫ್12 ಒತ್ತಿ ಕನ್ಸೋಲ್ ತೆರೆದರೆ ಈ ಮೂರನ್ನೂ ಬೇರ್ಪಡಿಸಬಹುದು. ಕ್ರಮವಾಗಿ ಈ ಬಗೆಯ ಸಾಲುಗಳು ಕಾಣುತ್ತವೆ:

```
Mixed Content: ... requested an insecure stylesheet ...
net::ERR_CONNECTION_REFUSED
Refused to apply style ... MIME type ('text/html') ...
```

ಮೂರನೆಯ ಸಾಲು ಕಂಡ ಮಾತ್ರಕ್ಕೆ ವೈಫೈಯನ್ನೇ ದೂರಬೇಕಿಲ್ಲ. ಕಡತ ಜಾಗದಲ್ಲಿ ಇಲ್ಲದೆ, ಸರ್ವರ್ ಅದರ ಬದಲು ‘ಪುಟ ಸಿಗಲಿಲ್ಲ’ ಎಂಬ ಎಚ್‌ಟಿಎಂಎಲ್ ಕಳಿಸಿದಾಗಲೂ ಅದೇ ಸಾಲು ಬರುತ್ತದೆ.

ಮಿಕ್ಸೆಡ್ ಕಂಟೆಂಟ್‌ಗೆ ಮದ್ದು ಸರಳ. ಸ್ಟೈಲ್‌ಶೀಟಿನ ವಿಳಾಸವನ್ನು `https://` ಎಂದು ಬದಲಿಸಿ ನೇರವಾಗಿ ತೆರೆದು ನೋಡಬೇಕು. ತೆರೆದರೆ ಪುಟದಲ್ಲೂ ಹಾಗೆಯೇ ತಿದ್ದಬೇಕು. ಹಳೆಯ ವಿಳಾಸಗಳು ನೂರಾರು ಪುಟಗಳಲ್ಲಿ ಹರಡಿದ್ದರೆ ಸರ್ವರ್‌ನಿಂದ ಈ ಒಂದು ಸೂಚನೆ ಕಳಿಸಿದರೂ ಸಾಕು:

```
Content-Security-Policy: upgrade-insecure-requests
```

ಆಗ ಬ್ರೌಸರ್ ಆ ಕಡತಗಳನ್ನು ತಾನೇ `https://` ಮೂಲಕ ಕೇಳುತ್ತದೆ. ಆದರೆ ಸ್ಟೈಲ್‌ಶೀಟ್ ಇರುವ ಸರ್ವರ್‌ಗೆ ಎಚ್‌ಟಿಟಿಪಿಎಸ್ ಗೊತ್ತೇ ಇಲ್ಲದಿದ್ದರೆ ಈ ಸೂಚನೆಯೂ ನಡೆಯುವುದಿಲ್ಲ, ಕಡತವನ್ನು ತಾಣದ ಸ್ವಂತ ಸರ್ವರ್‌ಗೆ ತಂದಿಟ್ಟುಕೊಳ್ಳಬೇಕಾಗುತ್ತದೆ. ಎಚ್‌ಟಿಟಿಪಿಎಸ್ ಇದ್ದೂ ಪುಟ ಬೋಳಾಗಬಹುದು: 2021ರ ಸೆಪ್ಟೆಂಬರ್ 30ರಂದು ಲೆಟ್ಸ್ ಎನ್‌ಕ್ರಿಪ್ಟ್ ನೆಚ್ಚಿಕೊಂಡಿದ್ದ ಹಳೆಯ ಮೂಲ ಪ್ರಮಾಣಪತ್ರವೊಂದರ ಅವಧಿ ಮುಗಿದಾಗ, ಹೊಸದನ್ನು ಅರಿಯದ ಕೆಲವು ಹಳೆಯ ಸಾಧನಗಳು ಆ ಪ್ರಮಾಣಪತ್ರಗಳನ್ನು ನಂಬದಾದವು. ಪುಟದ ಸರ್ವರ್ ಬೇರೆ ಪ್ರಮಾಣಪತ್ರ ಬಳಸಿ, ಸ್ಟೈಲ್‌ಶೀಟಿನ ಸರ್ವರ್ ಲೆಟ್ಸ್ ಎನ್‌ಕ್ರಿಪ್ಟಿನದನ್ನು ಬಳಸಿದ್ದರೆ, ವಿಳಾಸಗಳೆಲ್ಲ `https://` ಆಗಿದ್ದರೂ ಅಂಥ ಸಾಧನದಲ್ಲಿ ಪುಟ ಬೋಳಾಗಿ ಬರಲು ಅಷ್ಟೇ ಸಾಕು.