ಸಭೆಯಿಲ್ಲದ ಮಂಗಳವಾರ, ತೆರೆದ ಬಾಗಿಲಿನ ಮೂರು ಬೆಳಗು

ಅಬುಧಾಬಿ ದ್ವೀಪದಿಂದ ಸೇತುವೆ ದಾಟಿ ಬಂದರೆ ಸಿಗುವ ಮುಸಫ್ಫಾ ಕೈಗಾರಿಕಾ ಪ್ರದೇಶದಲ್ಲಿ ಉಕ್ಕಿನ ಕಟ್ಟೋಣದ ಕಾರ್ಖಾನೆಗಳು ಬಹಳ. ಅಂಥದೊಂದರ ನಕ್ಷೆ ವಿಭಾಗವನ್ನು ನಾನು ನೋಡಿಕೊಳ್ಳುತ್ತೇನೆ. ವಿಭಾಗದಲ್ಲಿ ಒಂಬತ್ತು ಮಂದಿ ಇದ್ದಾರೆ. ನಕ್ಷೆಗಾಗಿ ನಮ್ಮನ್ನು ಹುಡುಕಿಕೊಂಡು ಬರುವ ಫೋರ್‌ಮನ್‌ಗಳು ನಾಲ್ವರು. ತಂಡದ ಏಕಾಗ್ರತೆಗೆಂದು ವಾರದಲ್ಲಿ ಒಂದು ದಿನ ಸಭೆಗಳನ್ನು ನಿಲ್ಲಿಸುವ ಪದ್ಧತಿ ಈಗ ಅನೇಕ ಕಚೇರಿಗಳಲ್ಲಿದೆ. ಆದರೆ ಅದರ ಜೊತೆಯಲ್ಲಿ ಮೇಲಧಿಕಾರಿ ಖಚಿತವಾಗಿ ಸಿಗುವ ವೇಳೆಯನ್ನೂ ಗೊತ್ತುಮಾಡದಿದ್ದರೆ ಆ ಪದ್ಧತಿ ಕೆಲವೇ ವಾರಗಳಲ್ಲಿ ಸಡಿಲವಾಗುತ್ತದೆ. ಮುಚ್ಚಿದ ದಿನ ಮತ್ತು ತೆರೆದ ಬಾಗಿಲು ಒಂದೇ ವ್ಯವಸ್ಥೆಯ ಎರಡು ಭಾಗಗಳು.

ಏಕಾಗ್ರತೆ ಎಂಬ ಮಾತು ನಮ್ಮ ಕೆಲಸದಲ್ಲಿ ಅಮೂರ್ತವಾದುದಲ್ಲ. ನಕ್ಷೆಯನ್ನು ಪರಿಶೀಲಿಸುವಾತ ಸರಿಯಾದ ಪ್ರತಿ ಅಳತೆಯ ಮೇಲೆ ಹಳದಿ ಬಣ್ಣ ಬಳಿಯುತ್ತಾನೆ, ತಪ್ಪಿದ್ದಲ್ಲಿ ಕೆಂಪಿನಲ್ಲಿ ತಿದ್ದುತ್ತಾನೆ. ಒಂದು ತೊಲೆಯ ನಕ್ಷೆಯನ್ನು ನೋಡುವಾಗ ಅದು ಸೇರುವ ಕಂಬದ ನಕ್ಷೆ, ನಡುವಿನ ತೆರವು, ಬೋಲ್ಟಿನ ರಂಧ್ರಗಳ ಅಂತರ ಎಲ್ಲವೂ ಏಕಕಾಲದಲ್ಲಿ ಅವನ ಮನಸ್ಸಿನಲ್ಲಿರಬೇಕು. ಅರ್ಧ ಹಳದಿಯಾದ ಹಾಳೆಯನ್ನು ಬಿಟ್ಟು ಅವನು ಸಭೆಗೆ ಎದ್ದು ಹೋದನೆನ್ನಿ. ಮರಳಿ ಬಂದಾಗ ಆ ಹಾಳೆ ಮುಗಿದಂತೆಯೇ ಕಾಣುತ್ತದೆ. ಹೀಗೆ ನುಸುಳಿದ ರಂಧ್ರದ ತಪ್ಪು ಕಾರ್ಖಾನೆಯಲ್ಲಿ ತಿಳಿಯುವುದಿಲ್ಲ. ಇನ್ನೂರು ಕಿಲೋಮೀಟರಿಗೂ ದೂರದ ರುವೈಸ್‌ನಲ್ಲಿ ಕ್ರೇನಿನಿಂದ ತೊಲೆಯನ್ನು ಎತ್ತಿ ಹಿಡಿದು ಬೋಲ್ಟ್ ತೂರಿಸಲು ಹೋದಾಗ ತಿಳಿಯುತ್ತದೆ. ಅಷ್ಟರಲ್ಲಿ ಕ್ರೇನಿನ ಬಾಡಿಗೆ ಓಡುತ್ತಿರುತ್ತದೆ.

ಪಾಲ್ ಗ್ರಹಾಂ 2009ರ ಪ್ರಬಂಧವೊಂದರಲ್ಲಿ ಇದರ ಮೂಲವನ್ನು ಸ್ಪಷ್ಟವಾಗಿ ಹೇಳಿದ್ದಾರೆ. ವ್ಯವಸ್ಥಾಪಕರ ದಿನ ಗಂಟೆಗಳ ತುಂಡುಗಳಿಂದಾದುದು, ಏನನ್ನಾದರೂ ರಚಿಸುವವರ ದಿನ ಅರ್ಧ ದಿನದ ತುಂಡುಗಳಿಂದಾದುದು. ಮಧ್ಯಾಹ್ನ ಮೂರಕ್ಕೆ ಸಭೆ ಕರೆದವನಿಗೆ ಹೋಗುವುದು ಒಂದು ಗಂಟೆ. ಕರೆಸಿಕೊಂಡವನಿಗೆ ಹೋಗುವುದು ಇಡೀ ಮಧ್ಯಾಹ್ನ. ಅದಕ್ಕೂ ಹಿಂದೆ, 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಲೆಸ್ಲಿ ಪರ್ಲೋ ಅಮೆರಿಕದ ಸಾಫ್ಟ್‌ವೇರ್ ಎಂಜಿನಿಯರುಗಳ ತಂಡವೊಂದರಲ್ಲಿ ವಾರಕ್ಕೆ ಮೂರು ದಿನ ಮಧ್ಯಾಹ್ನದವರೆಗೆ ಮೌನವೇಳೆಯನ್ನು ಪ್ರಯೋಗಿಸಿದ್ದರು. ಕೆಲಸ ಸುಧಾರಿಸಿತು, ಆದರೆ ಪ್ರಯೋಗ ಮುಗಿದ ಮೇಲೆ ಹಳೆಯ ರೂಢಿ ಮರಳಿತು. ಮೌನವನ್ನು ಘೋಷಿಸುವುದು ಸುಲಭ, ಉಳಿಸಿಕೊಳ್ಳುವುದು ಕಷ್ಟ ಎಂಬುದಕ್ಕೆ ನಾನು ಈ ಉದಾಹರಣೆಯನ್ನೇ ಕೊಡುತ್ತೇನೆ.

ದಿನದ ಆಯ್ಕೆಯಲ್ಲಿಯೇ ಅರ್ಧ ಯಶಸ್ಸಿದೆ. 2022ರ ಜನವರಿಯಿಂದ ಇಲ್ಲಿನ ಸರ್ಕಾರಿ ವಾರ ಸೋಮವಾರದಿಂದ ಶುಕ್ರವಾರದ ಅರ್ಧ ದಿನದವರೆಗೆ ಎಂದಾಯಿತು. ಶುಕ್ರವಾರವನ್ನು ಸಭೆರಹಿತ ದಿನವೆಂದು ಸಾರುವ ಕಚೇರಿಗಳಿವೆ. ಅದು ಹೇಗೂ ಸಭೆ ಸೇರದ ದಿನ, ಅದರಿಂದ ದೊರೆಯುವುದು ಏನೂ ಇಲ್ಲ. ಸೋಮವಾರ ವಾರದ ಕೆಲಸ ಹಂಚಬೇಕು. ಗುರುವಾರ ಗ್ರಾಹಕರ ಕಡೆಯ ಎಂಜಿನಿಯರರು ಮಾತಿಗೆ ಕೂರುತ್ತಾರೆ. ಸೋಮವಾರ ಬಂದ ತಿದ್ದುಪಡಿಗಳು ಕೈಯಲ್ಲಿರುವಾಗಲೇ ಕುಳಿತು ಮುಗಿಸಲು ಮಂಗಳವಾರ ಒದಗುತ್ತದೆ. ಆದುದರಿಂದ ನಮ್ಮಲ್ಲಿ ಮಂಗಳವಾರ.

ಗೂಗಲ್ ಕ್ಯಾಲೆಂಡರಿನ ಕಚೇರಿ ಖಾತೆಗಳಲ್ಲಿ Focus time ಎಂಬ ಗುರುತಿದೆ. ಅದರಲ್ಲಿ Automatically decline meetings ಎಂಬುದನ್ನು ಆರಿಸಿದರೆ ಬರುವ ಆಹ್ವಾನಗಳು ತಾವಾಗಿಯೇ ಹಿಂದಿರುಗುತ್ತವೆ. ಆದರೆ ಫೋರ್‌ಮನ್ ಕ್ಯಾಲೆಂಡರಿನ ಆಹ್ವಾನ ಕಳುಹಿಸುವುದಿಲ್ಲ. ಕೈಯಲ್ಲಿ ನಕ್ಷೆ ಹಿಡಿದು ಹೆಲ್ಮೆಟ್ ಧರಿಸಿಯೇ ಒಳಗೆ ಬರುತ್ತಾನೆ. ಅವನ ಪ್ರಶ್ನೆ ಬುಧವಾರದವರೆಗೆ ಕಾಯದಿದ್ದರೆ ಕತ್ತರಿಸುವ ಯಂತ್ರ ನಿಲ್ಲುತ್ತದೆ. ಆದುದರಿಂದ ಒಂದೇ ಒಂದು ವಿನಾಯಿತಿಯನ್ನು ಲಿಖಿತವಾಗಿ ಇರಿಸಿದ್ದೇವೆ: ಯಂತ್ರ ನಿಂತಿದ್ದರೆ, ಅಥವಾ ಹಳೆಯ ರಿವಿಷನ್‌ನ ನಕ್ಷೆಯ ಮೇಲೆ ಉಕ್ಕು ಕತ್ತರಿಸಲ್ಪಡುತ್ತಿದ್ದರೆ, ನನಗೆ ಕರೆ ಮಾಡಬೇಕು. ಪರಿಶೀಲಕನ ಬಳಿಗೆ ಹೋಗಬಾರದು. ಮಂಗಳವಾರದ ಮೌನ ಅವನಿಗೆ ಸಲ್ಲುವುದು, ನನಗಲ್ಲ.

ಇನ್ನು ತೆರೆದ ಬಾಗಿಲು. ಸೋಮವಾರ, ಬುಧವಾರ, ಗುರುವಾರ ಬೆಳಗ್ಗೆ ಏಳೂವರೆಯಿಂದ ಎಂಟೂವರೆಯವರೆಗೆ ನಾನು ಒಂದೇ ಮೇಜಿನ ಬಳಿ ಕೂರುತ್ತೇನೆ. ಹದಿನೈದು ನಿಮಿಷದ ನಾಲ್ಕು ಸರದಿಗಳು. ಎರಡಕ್ಕೆ ಮೊದಲೇ ಹೆಸರು ಬರೆಸಬಹುದು, ಎರಡು ಬಂದವರಿಗೆ ಮೀಸಲು. ಹೆಸರು ಬರೆಯುವುದು ಬಾಗಿಲಿಗೆ ಅಂಟಿಸಿದ ಕಾಗದದ ಮೇಲೆ. ಇಂಗ್ಲಿಷ್ ಕ್ಯಾಲೆಂಡರಿನ ಕೊಂಡಿಯನ್ನು ಕೊಟ್ಟಿದ್ದರೆ ಹಿಂದಿ, ಮಲಯಾಳ ಮಾತನಾಡುವ ಫೋರ್‌ಮನ್‌ಗಳು ಹೊರಗೇ ಉಳಿಯುತ್ತಿದ್ದರು. ಬೇಸಿಗೆಯಲ್ಲಿ, ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ, ಹನ್ನೆರಡೂವರೆಯಿಂದ ಮೂರರವರೆಗೆ ಬಿಸಿಲಿನಲ್ಲಿ ಕೆಲಸ ಮಾಡಿಸುವುದಕ್ಕೆ ನಿಷೇಧವಿದೆ. ಅಂಗಳದವರು ಬಿಡುವಾಗಿರುವ ಆ ವೇಳೆಯಲ್ಲೇ ಬಾಗಿಲು ತೆರೆಯಬಾರದೇಕೆ ಎಂದು ಕೇಳಿದವರುಂಟು. ಅದು ಅವರ ವಿಶ್ರಾಂತಿ. ಅದನ್ನು ನನ್ನ ಅನುಕೂಲಕ್ಕೆ ಬಳಸುವುದು ನನಗೆ ಸರಿಕಾಣದು.

ಈ ನೆಲದ ಮಜ್ಲಿಸ್, ನಮ್ಮ ನಾಡಿನ ಮುಖ್ಯಮಂತ್ರಿಗಳ ಜನತಾದರ್ಶನ, ಎರಡರಲ್ಲಿಯೂ ಇದೇ ಭಾವವಿದೆ: ದೊಡ್ಡವರು ಇಂಥ ಹೊತ್ತಿಗೆ ಸಿಗುತ್ತಾರೆ. ಕಚೇರಿಯ ಬಾಗಿಲು ಮಾತ್ರ ಜನತಾದರ್ಶನದ ಸಾಲಾಗಬಾರದು. ವಾರಕ್ಕೆ ಹನ್ನೆರಡು ಸರದಿಗಳಿವೆ. ಎಂಟು ಒಂಬತ್ತು ತುಂಬಿದರೆ ಹದವಾಗಿದೆ. ಹನ್ನೆರಡೂ ಪ್ರತಿವಾರ ತುಂಬುತ್ತಿದ್ದರೆ ವೇಳೆ ಹೆಚ್ಚಿಸುವ ಮೊದಲು ಬರುವ ಪ್ರಶ್ನೆಗಳನ್ನು ನೋಡಬೇಕು. ನಮ್ಮಲ್ಲಿ ಒಂದೇ ಪ್ರಶ್ನೆ ಮತ್ತೆ ಮತ್ತೆ ಬಂತು: "ಸಾರ್, ಎಂಟು ಮಿಲಿಮೀಟರಿನ ಪ್ಲೇಟ್ ಖಾಲಿ. ಹತ್ತರದ್ದು ಹಾಕಲೇ?"

ಬಲಪಡಿಸಲು ಬೆಸೆಯುವ ಪ್ಲೇಟಾದರೆ ಸಾಮಾನ್ಯವಾಗಿ ಆಗಬಹುದು. ಬೋಲ್ಟಿನಿಂದ ಜೋಡಿಸುವ ಪ್ಲೇಟಾದರೆ ದಪ್ಪ ಬದಲಾದಂತೆ ಬೋಲ್ಟಿನ ಉದ್ದವೂ ಬದಲಾಗುತ್ತದೆ, ಆಗ ಆಗದು. ಮೂರನೆಯ ಬಾರಿ ಇದೇ ಬಂದಾಗ ಗ್ರಾಹಕರ ಎಂಜಿನಿಯರರ ಒಪ್ಪಿಗೆ ಪಡೆದು ಅರ್ಧ ಪುಟದ ನಿಯಮ ಬರೆದು ಕಾರ್ಖಾನೆಯಲ್ಲಿ ತೂಗುಹಾಕಿದೆವು. ಬೆಸುಗೆಯ ಪ್ಲೇಟುಗಳ ಬದಲಾವಣೆಯನ್ನು ಫೋರ್‌ಮನ್ ನೋಂದಾಯಿಸಿ ಮುಂದುವರಿಯುತ್ತಾನೆ. ಆ ಪ್ರಶ್ನೆ ನನ್ನ ಮೇಜಿಗೆ ಬರುವುದು ನಿಂತಿತು. ಸರದಿಯ ಕಾಗದಗಳನ್ನು ಬಿಸಾಡದೆ ಇಟ್ಟುಕೊಳ್ಳುವುದು ಇದಕ್ಕಾಗಿಯೇ.

ಖಾಲಿ ಸರದಿಯಲ್ಲಿ ಎದ್ದುಹೋಗುವುದು ದೊಡ್ಡ ಅಪಾಯ. ಒಮ್ಮೆ ಬಂದು ಖಾಲಿ ಕುರ್ಚಿ ಕಂಡವನು ಮುಂದಿನ ಬಾರಿ ಮಂಗಳವಾರವೇ ಪರಿಶೀಲಕನ ಹೆಗಲು ತಟ್ಟುತ್ತಾನೆ. ಆ ಹೊತ್ತಿಗೆ ನಾನು ಸಹಿ ಮಾಡುವ ಕಾಗದಗಳನ್ನು, ಯಾವಾಗ ಬೇಕಾದರೂ ನಿಲ್ಲಿಸಬಹುದಾದ ಕೆಲಸವನ್ನು ಇಟ್ಟುಕೊಳ್ಳುತ್ತೇನೆ.

ಪದ್ಧತಿ ಕೆಡುತ್ತಿದೆ ಎಂಬುದು ಎರಡು ಕಡೆ ಕಾಣುತ್ತದೆ. ವಾರದ ಸಭೆಗಳ ಒಟ್ಟು ಗಂಟೆ ಮೊದಲಿನಷ್ಟೇ ಇದ್ದರೆ, ಮಂಗಳವಾರದ ಸಭೆಗಳು ಸೋಮವಾರಕ್ಕೂ ಬುಧವಾರಕ್ಕೂ ಸರಿದಿವೆ, ಅಷ್ಟೆ. ಎರಡನೆಯದು ವಾಟ್ಸಾಪ್ ಗುಂಪು. ಮಂಗಳವಾರ ಅಲ್ಲಿ ಸಂದೇಶಗಳು ಉಳಿದ ದಿನಗಳಿಗಿಂತ ಹೆಚ್ಚಿದ್ದರೆ ಸಭೆ ಬೇರೆ ವೇಷದಲ್ಲಿ ನಡೆಯುತ್ತಿದೆ. ಗುಂಪನ್ನು ಮುಚ್ಚುವುದರಿಂದ ಪ್ರಯೋಜನವಿಲ್ಲ; ಬೆಳಗಿನ ಸರದಿಗಳಲ್ಲಿ ಉತ್ತರ ಸಿಗದೆ ಉಳಿದುದೇನೆಂದು ನೋಡಬೇಕು.

ರಂಜಾನಿನಲ್ಲಿ ದಿನದ ಕೆಲಸದ ವೇಳೆ ಕಾನೂನಿನಂತೆ ಎರಡು ಗಂಟೆ ಕಡಿಮೆಯಾಗುತ್ತದೆ. ಆಗ ಮಂಗಳವಾರವನ್ನು ಮುಟ್ಟದೆ ಸರದಿಗಳನ್ನು ಹತ್ತು ನಿಮಿಷಕ್ಕೆ ಇಳಿಸುತ್ತೇವೆ. ಮಕ್ಕಳ ಶಾಲೆಯ ರಜೆಯಲ್ಲಿ ನಾನು ಊರಿಗೆ ಹೋದಾಗ ಹಿರಿಯ ಪರಿಶೀಲಕರು ಅದೇ ಮೇಜಿನಲ್ಲಿ, ಅದೇ ಹೊತ್ತಿಗೆ ಕೂರುತ್ತಾರೆ. ಮಂಗಳವಾರದ ಕರೆಗಳೂ ಅವರಿಗೇ ಹೋಗುವುದರಿಂದ ಆ ವಾರಗಳಲ್ಲಿ ಅವರಿಗೆ ಪರಿಶೀಲನೆಯ ಹಾಳೆಗಳನ್ನು ಕೊಡುವುದಿಲ್ಲ.