ಪ್ರಾಯೋಜಕರ ಕತ್ತರಿ: ಟಿ.ವಿ. ಪರದೆಯಿಂದ ಕಾಣೆಯಾದದ್ದೇನು?

1959ರ ಏಪ್ರಿಲ್ 16ರ ರಾತ್ರಿ ಅಮೆರಿಕದ ಸಿಬಿಎಸ್ ಟಿ.ವಿ. ಜಾಲದಲ್ಲಿ ‘ಜಡ್ಜ್‌ಮೆಂಟ್ ಅಟ್ ನ್ಯೂರೆಂಬರ್ಗ್’ ಎಂಬ ನಾಟಕ ಪ್ರಸಾರವಾಯಿತು. ಹಿಟ್ಲರನ ಆಳ್ವಿಕೆಯಲ್ಲಿ ಅನ್ಯಾಯಕ್ಕೆ ಕೈಜೋಡಿಸಿದ ಜರ್ಮನ್ ನ್ಯಾಯಾಧೀಶರ ವಿಚಾರಣೆ ಅದರ ಕಥಾವಸ್ತು. ಲಕ್ಷಾಂತರ ಯಹೂದಿಗಳನ್ನು ವಿಷಾನಿಲದಿಂದ ಕೊಂದದ್ದನ್ನು ಪ್ರಸ್ತಾಪಿಸದೆ ಆ ಕಥೆ ಹೇಳುವುದು ಸಾಧ್ಯವೇ ಇರಲಿಲ್ಲ. ಅಮೆರಿಕದ ನ್ಯಾಯಾಧೀಶನ ಪಾತ್ರದಲ್ಲಿದ್ದ ಕ್ಲಾಡ್ ರೇನ್ಸ್ ಆ ಮಾತಿಗೆ ಬಂದಾಗ ಒಂದು ವಿಚಿತ್ರ ನಡೆಯಿತು. ಅವರ ತುಟಿಗಳು ಅಲುಗಾಡಿದವು, ಪದ ಮಾತ್ರ ಕೇಳಿಸಲಿಲ್ಲ.

ಅದು ತಾಂತ್ರಿಕ ದೋಷವಾಗಿರಲಿಲ್ಲ. ಧ್ವನಿಯನ್ನು ಬೇಕೆಂದೇ ನಿಲ್ಲಿಸಲಾಗಿತ್ತು. ಕಾಣೆಯಾದ ಪದ ‘ಗ್ಯಾಸ್’. ಕಾರ್ಯಕ್ರಮದ ಪ್ರಾಯೋಜಕರಲ್ಲಿ ಅಮೆರಿಕದ ಅನಿಲ ಕಂಪೆನಿಗಳ ಸಂಘವೂ ಒಂದು. ಮನೆಮನೆಯ ಅಡುಗೆ ಒಲೆಗೆ ಗ್ಯಾಸ್ ಒದಗಿಸುವ ಉದ್ಯಮಕ್ಕೆ, ಅದೇ ಪದ ಸಾವಿನ ಕೋಣೆಗಳ ಜತೆ ತಳಕು ಹಾಕಿಕೊಳ್ಳುವುದು ಬೇಡವಾಗಿತ್ತು.

ಟಿ.ವಿ. ಕಾರ್ಯಕ್ರಮಗಳ ಮೇಲೆ ಪ್ರಾಯೋಜಕರ ಪ್ರಭಾವ ಎಂದೊಡನೆ ನಮಗೆ ನೆನಪಾಗುವುದು ಕಥೆಯ ನಡುವೆ ಇಣುಕುವ ತಂಪು ಪಾನೀಯದ ಬಾಟಲಿ, ಕ್ಯಾಮೆರಾಕ್ಕೆ ಮುಖ ಮಾಡಿ ನಿಂತ ಕಾರು, ಶೀರ್ಷಿಕೆಗೆ ಅಂಟಿಕೊಂಡ ಕಂಪೆನಿಯ ಹೆಸರು. ಆದರೆ ಅಮೆರಿಕದ ಟಿ.ವಿ.ಯ ಮೊದಲ ದಶಕದ ಇತಿಹಾಸ ನೋಡಿದರೆ ಬೇರೊಂದು ಸಂಗತಿ ಎದ್ದು ಕಾಣುತ್ತದೆ. ಪ್ರಾಯೋಜಕರು ಪರದೆಯ ಮೇಲೆ ತಂದಿಟ್ಟದ್ದಕ್ಕಿಂತ ಪರದೆಯಿಂದ ತೆಗೆಸಿದ್ದೇ ಹೆಚ್ಚು ಗಂಭೀರವಾದದ್ದು.

ಕಾರ್ಯಕ್ರಮದ ಒಡೆಯರು ಯಾರು?

ಈಗ ಜಾಹೀರಾತುದಾರರು ಕೊಳ್ಳುವುದು ಸಾಮಾನ್ಯವಾಗಿ ಕೆಲವು ಸೆಕೆಂಡುಗಳ ಸಮಯ. ಆಗ ಹಾಗಿರಲಿಲ್ಲ. ರೇಡಿಯೊ ಕಾಲದಿಂದ ಬಂದ ಪದ್ಧತಿಯಂತೆ ಒಂದು ಕಂಪೆನಿ ವಾರದ ಅರ್ಧ ಗಂಟೆಯನ್ನೋ ಒಂದು ಗಂಟೆಯನ್ನೋ ಇಡಿಯಾಗಿ ಕೊಳ್ಳುತ್ತಿತ್ತು. ಅನೇಕ ವೇಳೆ ಕಾರ್ಯಕ್ರಮವನ್ನು ತಯಾರಿಸುತ್ತಿದ್ದುದೂ ಆ ಕಂಪೆನಿಯ ಜಾಹೀರಾತು ಸಂಸ್ಥೆಯೇ. ಟಿ.ವಿ. ಜಾಲದ ಪಾತ್ರ ಹೆಚ್ಚುಕಡಿಮೆ ಛತ್ರದ ಮಾಲೀಕನದು: ಜಾಗ ಬಾಡಿಗೆಗೆ ಕೊಟ್ಟರಾಯಿತು, ಒಳಗಿನ ಮದುವೆ ಬೇರೆಯವರದು.

ಹೀಗಾಗಿ ಕಾರ್ಯಕ್ರಮಗಳ ಹೆಸರಿನಲ್ಲೇ ಕಂಪೆನಿ ಇರುತ್ತಿತ್ತು. ಕ್ರಾಫ್ಟ್ ಟೆಲಿವಿಷನ್ ಥಿಯೇಟರ್ ಗಿಣ್ಣು ತಯಾರಕರದು, ಟೆಕ್ಸಾಕೊ ಸ್ಟಾರ್ ಥಿಯೇಟರ್ ಪೆಟ್ರೋಲು ಕಂಪೆನಿಯದು. ಸುದ್ದಿಯೂ ಇದರಿಂದ ಹೊರತಾಗಿರಲಿಲ್ಲ. ಎನ್‌ಬಿಸಿಯ ಸಂಜೆಯ ವಾರ್ತೆಗೆ ಸಿಗರೇಟಿನ ಹೆಸರಿತ್ತು: ಕ್ಯಾಮೆಲ್ ನ್ಯೂಸ್ ಕ್ಯಾರವಾನ್. ‘ಧೂಮಪಾನ ನಿಷೇಧಿಸಿದೆ’ ಎಂಬ ಫಲಕ ಸುದ್ದಿಚಿತ್ರಗಳಲ್ಲಿ ಕಾಣಿಸಕೂಡದು. ಯಾರೂ ಚುಟ್ಟಾ ಸೇದುತ್ತಿರುವ ದೃಶ್ಯ ಬರಕೂಡದು ಎಂಬುದು ಅಲ್ಲಿನ ಕಟ್ಟಳೆ. ವಿನಾಯಿತಿ ಇದ್ದುದು ಒಬ್ಬರಿಗೆ ಮಾತ್ರ, ಬ್ರಿಟನ್ನಿನ ವಿನ್‌ಸ್ಟನ್ ಚರ್ಚಿಲ್. ಅವರನ್ನು ಚುಟ್ಟಾ ಇಲ್ಲದೆ ತೋರಿಸುವುದು ಕಷ್ಟವಿತ್ತು!

ಹೆಸರು ಕೊಟ್ಟ ಕಂಪೆನಿಗೆ ಲಾಭದಷ್ಟೇ ಅಂಜಿಕೆಯೂ ಇತ್ತು. ಕಾರ್ಯಕ್ರಮ ಹಿಡಿಸಿದರೆ ಜನ ಆ ಹೆಸರನ್ನು ಮೆಚ್ಚುತ್ತಾರೆ. ಹಿಡಿಸದಿದ್ದರೆ ಸಿಟ್ಟು ತಿರುಗುವುದೂ ಆ ಹೆಸರಿನ ಮೇಲೆಯೇ. ಕತ್ತರಿ ಹುಟ್ಟಿದ್ದು ಈ ಅಂಜಿಕೆಯಿಂದ.

ಕೆಮ್ಮದ ಪತ್ತೇದಾರ

ಈ ಕತ್ತರಿ ಹೇಗೆ ಕೆಲಸ ಮಾಡುತ್ತಿತ್ತು ಎಂಬುದಕ್ಕೆ ‘ಮ್ಯಾನ್ ಅಗೇನ್ಸ್ಟ್ ಕ್ರೈಮ್’ ಒಳ್ಳೆಯ ಉದಾಹರಣೆ. 1949ರಲ್ಲಿ ಸಿಬಿಎಸ್‌ನಲ್ಲಿ ಆರಂಭವಾದ ಈ ಪತ್ತೇದಾರಿ ಧಾರಾವಾಹಿಯ ಪ್ರಾಯೋಜಕರೂ ಕ್ಯಾಮೆಲ್ ಸಿಗರೇಟಿನವರೇ. ನಾಯಕ ರಾಲ್ಫ್ ಬೆಲಾಮಿ. ಕಥೆ ಬರೆಯುವವರಿಗೆ ಮೊದಲೇ ಸೂಚನೆಗಳ ಪಟ್ಟಿಯೊಂದನ್ನು ಅಚ್ಚು ಹಾಕಿಸಿ ಕೊಡಲಾಗುತ್ತಿತ್ತು. ಪ್ರಸಾರ ಇತಿಹಾಸಕಾರ ಎರಿಕ್ ಬಾರ್ನೊ ಅದನ್ನು ದಾಖಲಿಸಿದ್ದಾರೆ.

ಅದರ ಪ್ರಕಾರ ಖಳರು, ಕೆಟ್ಟ ನಡತೆಯವರು ಸಿಗರೇಟು ಸೇದುವಂತಿಲ್ಲ. ಸೇದುವವರು ಠೀವಿಯಿಂದ ಸೇದಬೇಕೇ ಹೊರತು ಗಾಬರಿಯಲ್ಲಿ ದಮ್ಮೆಳೆಯಬಾರದು. ತಳಮಳದಲ್ಲಿರುವವರಿಗೆ ಸಮಾಧಾನವಾಗಲೆಂದು ಸಿಗರೇಟು ಕೊಡಬಾರದು. ಕೊಟ್ಟರೆ ಅದೊಂದು ಅಮಲು ಪದಾರ್ಥ ಎನಿಸೀತು. ಯಾವ ಪಾತ್ರವೂ ಕೆಮ್ಮಬಾರದು. ಬೆಂಕಿ ಹಚ್ಚುವ ಅಪರಾಧದ ಕಥೆ ಬೇಡ, ಏಕೆಂದರೆ ಸಿಗರೇಟಿನ ತುಂಡಿನಿಂದ ಬೆಂಕಿ ಬೀಳುವುದು ನೋಡುಗರಿಗೆ ನೆನಪಾಗಬಹುದು. ಇನ್ನು ವೈದ್ಯರ ಪಾತ್ರ ಬಂದರೆ ಅವರನ್ನು ಗೌರವದಿಂದಲೇ ಚಿತ್ರಿಸಬೇಕು.

ಕೊನೆಯ ಸೂಚನೆಯ ಮಹತ್ವ ತಿಳಿಯಲು ಆ ವರ್ಷಗಳನ್ನು ನೆನಪಿಡಬೇಕು. ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ತೋರಿಸಿದ ಪ್ರಮುಖ ಅಧ್ಯಯನಗಳು ಅಮೆರಿಕ ಮತ್ತು ಬ್ರಿಟನ್ ಎರಡರಲ್ಲೂ ಪ್ರಕಟವಾದದ್ದು 1950ರಲ್ಲಿ. ವೈದ್ಯಲೋಕ ತನ್ನ ವಿರುದ್ಧ ತಿರುಗುವ ಹೊತ್ತಿನಲ್ಲಿ ಪ್ರಾಯೋಜಕರಿಗೆ ವೈದ್ಯರ ಮನ ನೋಯಿಸುವ ಉಸಾಬರಿ ಬೇಡವಾಗಿತ್ತು. ವಾರವಾರ ನೋಡುತ್ತಿದ್ದ ವೀಕ್ಷಕರಿಗೆ ಕಂಡದ್ದು ಕೊಲೆ, ಬೆನ್ನಟ್ಟುವಿಕೆ ಮತ್ತು ಕೊನೆಗೆ ನ್ಯಾಯದ ಗೆಲುವು. ಆ ಲೋಕದಲ್ಲಿ ಒಬ್ಬರೂ ಕೆಮ್ಮುವುದಿಲ್ಲ ಎಂಬುದನ್ನು ಗಮನಿಸಿದವರು ಯಾರು?

ಒಂದು ಕೊಲೆ, ಹಲವು ತಿದ್ದುಪಡಿ

ಸಿಗರೇಟಿನ ವಿಷಯದಲ್ಲಿ ಕಂಪೆನಿ ತನ್ನ ಸರಕನ್ನು ಕಾಯುತ್ತಿತ್ತು. ಸರಕಿಗೂ ಕಥೆಗೂ ಏನೇನೂ ಸಂಬಂಧವಿಲ್ಲದಿದ್ದಾಗಲೂ ಕತ್ತರಿ ಆಡಿದ್ದುಂಟು. ನಾಟಕಕಾರ ರಾಡ್ ಸರ್ಲಿಂಗ್ ಅವರ ಅನುಭವ ಇದಕ್ಕೆ ಸಾಕ್ಷಿ.

1955ರ ಆಗಸ್ಟ್‌ನಲ್ಲಿ ಮಿಸಿಸಿಪ್ಪಿ ರಾಜ್ಯದಲ್ಲಿ ಎಮೆಟ್ ಟಿಲ್ ಎಂಬ 14 ವರ್ಷದ ಕರಿಯ ಬಾಲಕನ ಕೊಲೆಯಾಯಿತು. ಆತ ಷಿಕಾಗೊದಿಂದ ನೆಂಟರ ಮನೆಗೆ ಬಂದಿದ್ದವನು. ಆರೋಪಿಗಳಾದ ಇಬ್ಬರು ಬಿಳಿಯರನ್ನು ಬಿಳಿಯರೇ ತುಂಬಿದ್ದ ಜ್ಯೂರಿ ನಿರ್ದೋಷಿಗಳೆಂದಿತು. ಊರಿಗೆ ಊರೇ ಕೊಲೆಗಾರನ ಬೆನ್ನಿಗೆ ನಿಲ್ಲುವುದು ಹೇಗೆ ಎಂಬ ಪ್ರಶ್ನೆ ಸರ್ಲಿಂಗ್ ಅವರನ್ನು ಕಾಡಿತು. ಉಕ್ಕು ಕಂಪೆನಿಯೊಂದರ ಹೆಸರು ಹೊತ್ತ ‘ಯುನೈಟೆಡ್ ಸ್ಟೇಟ್ಸ್ ಸ್ಟೀಲ್ ಅವರ್’ ಕಾರ್ಯಕ್ರಮಕ್ಕಾಗಿ ಅವರು ‘ನೂನ್ ಆನ್ ಡೂಮ್ಸ್‌ಡೇ’ ಎಂಬ ನಾಟಕ ಬರೆದರು.

ಕರಿಯ ಬಾಲಕನ ಕಥೆಯನ್ನು ಇದ್ದಂತೆಯೇ ಬರೆದರೆ ನಡೆಯದೆಂದು ಬಲ್ಲ ಅವರು ಮೊದಲ ಕರಡಿನಲ್ಲೇ ಕೊಲೆಯಾದವನನ್ನು ಒಬ್ಬ ಮುದುಕ ಯಹೂದಿಯನ್ನಾಗಿ ಮಾಡಿದ್ದರು. ಆದರೆ ಇದು ಟಿಲ್ ಪ್ರಕರಣವನ್ನು ಆಧರಿಸಿದ ನಾಟಕ ಎಂಬ ಸುದ್ದಿ ಪತ್ರಿಕೆಗಳಲ್ಲಿ ಬಂತು. ದಕ್ಷಿಣದ ರಾಜ್ಯಗಳ ಬಿಳಿಯರ ಸಂಘಗಳು ಪ್ರತಿಭಟನೆಯ ಪತ್ರಗಳ ಮಳೆಗರೆದವು. ಆಮೇಲೆ ಶುರುವಾದದ್ದು ತಿದ್ದುಪಡಿ. ಕಥೆ ನಡೆಯುವ ಊರು ದಕ್ಷಿಣದಿಂದ ದೇಶದ ಈಶಾನ್ಯ ಮೂಲೆಯ ನ್ಯೂ ಇಂಗ್ಲೆಂಡಿಗೆ ಹೋಯಿತು. ಯಹೂದಿ ಮುದುಕ ಹೆಸರಿಲ್ಲದ ಪರದೇಶಿಯಾದ. ವಿಕೃತ ಮನಸ್ಸಿನ ಕೊಲೆಗಾರ, ಒಂದು ಗಳಿಗೆ ದಾರಿ ತಪ್ಪಿದ ಒಳ್ಳೆಯ ಹುಡುಗನಾದ. ಕೊನೆಗೆ ರಂಗಸಜ್ಜಿನಲ್ಲಿದ್ದ ಕೋಕಾಕೋಲಾ ಬಾಟಲಿಗಳನ್ನೂ ತೆಗೆದರು. ಅವುಗಳಿಂದ ದಕ್ಷಿಣದ ನೆನಪು ಬರುತ್ತದಂತೆ!

1956ರ ಏಪ್ರಿಲ್‌ನಲ್ಲಿ ನಾಟಕ ಪ್ರಸಾರವಾಯಿತು. ಉಳಿದದ್ದು ಎಲ್ಲಿಯೂ ನಡೆಯದ, ಯಾರನ್ನೂ ಕುಟುಕದ ಕಥೆ. ಎರಡು ವರ್ಷಗಳ ನಂತರ ಇದೇ ವಸ್ತುವನ್ನು ಸರ್ಲಿಂಗ್ ಮತ್ತೊಂದು ನಾಟಕದಲ್ಲಿ ಎತ್ತಿಕೊಂಡಾಗ ಕಥೆ 19ನೇ ಶತಮಾನದ ನೈಋತ್ಯ ಗಡಿಗೆ ಸರಿದು, ಬಲಿಯಾದವನು ಮೆಕ್ಸಿಕನ್ ಯುವಕನಾಗಿದ್ದ.

1959ರ ಅಕ್ಟೋಬರ್‌ನಲ್ಲಿ ಅವರು ‘ದಿ ಟ್ವೈಲೈಟ್ ಝೋನ್’ ಆರಂಭಿಸಿದರು. ಅನ್ಯಗ್ರಹ ಜೀವಿಗಳ, ಅದ್ಭುತ ಘಟನೆಗಳ ಸರಣಿ ಅದು. ನೆರೆಹೊರೆಯವರ ಸಂಶಯ, ಗುಂಪಿನ ಕ್ರೌರ್ಯ ಎಲ್ಲವನ್ನೂ ಅಲ್ಲಿ ಹೇಳಬಹುದಾಗಿತ್ತು. ಅಪಾಯ ಬರುವುದು ಆಕಾಶದಿಂದ ಎಂದ ಮೇಲೆ ಯಾವ ರಾಜ್ಯದ ಗಿರಾಕಿ ಮುನಿಸಿಕೊಂಡಾನು? ಅಲ್ಲಿಯೂ ಕತ್ತರಿ ಪೂರ್ತಿ ತಪ್ಪಲಿಲ್ಲ. ಬ್ರಿಟಿಷ್ ಹಡಗಿನ ಅಧಿಕಾರಿಯೊಬ್ಬ ಚಹಾ ತರಿಸಿಕೊಳ್ಳುವ ದೃಶ್ಯಕ್ಕೆ ಆಕ್ಷೇಪ ಬಂತು. ಪ್ರಾಯೋಜಕರು ಕಾಫಿ ಮಾರುವವರಾಗಿದ್ದರು.

ಒಡೆತನ ಕೈಬದಲಾದದ್ದು

ಈ ವ್ಯವಸ್ಥೆಯನ್ನು ಮುರಿದದ್ದು ಬರಹಗಾರರ ದೂರಲ್ಲ, ಖರ್ಚು. ಟಿ.ವಿ. ಮನೆಮನೆ ತಲುಪಿದಂತೆ ಸಮಯದ ಬೆಲೆ ಏರಿ, ಇಡೀ ಕಾರ್ಯಕ್ರಮದ ಹೊರೆ ಒಂದೇ ಕಂಪೆನಿಗೆ ಭಾರವಾಯಿತು. ಪತ್ರಿಕೆಯ ಪುಟಗಳಲ್ಲಿ ಹಲವರು ಜಾಹೀರಾತು ಕೊಡುವಂತೆ ಒಂದೇ ಕಾರ್ಯಕ್ರಮದ ನಿಮಿಷಗಳನ್ನು ಹಲವರಿಗೆ ಮಾರುವ ಪದ್ಧತಿಯನ್ನು ಎನ್‌ಬಿಸಿಯ ಪ್ಯಾಟ್ ವೀವರ್ ಮುಂದಿಟ್ಟಿದ್ದರು.

ಅಷ್ಟರಲ್ಲಿ ರಸಪ್ರಶ್ನೆ ಹಗರಣ ಸ್ಫೋಟಿಸಿತು. ಔಷಧ ಕಂಪೆನಿಯೊಂದರ ಪ್ರಾಯೋಜಕತ್ವದ ‘ಟ್ವೆಂಟಿ ಒನ್’ ಸ್ಪರ್ಧೆಯಲ್ಲಿ ಗೆದ್ದು ಮನೆಮಾತಾಗಿದ್ದ ಚಾರ್ಲ್ಸ್ ವಾನ್ ಡೋರನ್, ತನಗೆ ಪ್ರಶ್ನೋತ್ತರಗಳು ಮುಂಚೆಯೇ ಸಿಕ್ಕಿದ್ದವೆಂದು 1959ರ ನವೆಂಬರ್‌ನಲ್ಲಿ ಸಂಸದೀಯ ಸಮಿತಿಯ ಮುಂದೆ ಒಪ್ಪಿಕೊಂಡರು. ಇನ್ನು ಮುಂದೆ ಕಾರ್ಯಕ್ರಮದ ಹೊಣೆ ತಮ್ಮದೇ ಎಂದು ಟಿ.ವಿ. ಜಾಲಗಳು ಹಿಡಿತ ಬಿಗಿಗೊಳಿಸಿದವು. ಪ್ರಾಯೋಜಕ ಒಡೆಯನ ಸ್ಥಾನದಿಂದಿಳಿದು ಗಿರಾಕಿಯಾದ.

ಭಾರತಕ್ಕೆ ಪ್ರಾಯೋಜಿತ ಧಾರಾವಾಹಿ ಬಂದದ್ದು ಇದಾದ ಕಾಲು ಶತಮಾನದ ನಂತರ. 1984ರ ಜುಲೈನಲ್ಲಿ ದೂರದರ್ಶನದಲ್ಲಿ ಆರಂಭವಾದ ‘ಹಮ್ ಲೋಗ್’ ಹಿಂದೆ ಇದ್ದದ್ದು ಮ್ಯಾಗಿ ನೂಡಲ್ಸ್. ಅದು ಭಾರತದ ಅಂಗಡಿಗಳಿಗೆ ಬಂದು ಒಂದೆರಡು ವರ್ಷವೂ ಆಗಿರಲಿಲ್ಲ. 156 ಕಂತುಗಳ ಆ ಧಾರಾವಾಹಿಯ ಜತೆಜತೆಗೇ ಎರಡು ನಿಮಿಷದ ತಿಂಡಿಯೂ ಮಧ್ಯಮ ವರ್ಗದ ಮನೆಗಳಲ್ಲಿ ಬಳಕೆಯಾಯಿತು. ಆದರೆ ಇಲ್ಲಿ ಛತ್ರದ ಮಾಲೀಕರು ಸರ್ಕಾರದವರು. ಏನು ಪ್ರಸಾರವಾಗಬೇಕು, ಏನು ಬೇಡ ಎಂಬ ಕೊನೆಯ ಮಾತು ದೂರದರ್ಶನದ ಅಧಿಕಾರಿಗಳದೇ ಆಗಿತ್ತು.

ತಂದಿಟ್ಟ ಸರಕನ್ನು ಗುರುತಿಸುವುದು ಸುಲಭ. ಬ್ರಿಟನ್‌ನಲ್ಲಿ 2011ರ ಫೆಬ್ರುವರಿಯಲ್ಲಿ, ಹಣ ಪಡೆದು ಸರಕು ತೋರಿಸಲು ಅನುಮತಿ ಸಿಕ್ಕಾಗ, ಅಂಥ ಕಾರ್ಯಕ್ರಮದ ಆರಂಭ ಮತ್ತು ಕೊನೆಯಲ್ಲಿ, ಜಾಹೀರಾತಿನ ವಿರಾಮದ ನಂತರವೂ ‘ಪಿ’ ಅಕ್ಷರದ ಗುರುತು ತೋರಿಸಬೇಕೆಂಬ ನಿಯಮ ಬಂತು. ತೆಗೆದುಹಾಕಿದ್ದಕ್ಕೆ ಇಂಥ ಗುರುತು ಎಲ್ಲಿಯೂ ಇಲ್ಲ. ನ್ಯೂರೆಂಬರ್ಗ್ ನಾಟಕದ ಕತ್ತರಿ ಬಯಲಾದದ್ದು ತುಟಿ ಆಡಿದರೂ ಪದ ಕೇಳಿಸಲಿಲ್ಲವಾಗಿ. ಆ ಪದವನ್ನು ಬರವಣಿಗೆಯ ಹಂತದಲ್ಲೇ ಅಳಿಸಿದ್ದರೆ, ಎಮೆಟ್ ಟಿಲ್‌ನ ಕಥೆಯಂತೆ ಅದೂ ಸದ್ದಿಲ್ಲದೆ ಮಾಯವಾಗುತ್ತಿತ್ತು.